ಬೆರಳು ಮಡಚಲು ಬರ್ತದೆ, ನೆಟ್ಟಗೆ ಮಾಡಲು ಬರ್ತದಾ?

"ಮೊನ್ನೆ ಆದಿತ್ಯವಾರ ಮಲ್ಪೆಯಲ್ಲಿ ವಾಲಿಬಾಲ್ ಬ್ಲಾಕಿಗೆ ಹಾರಿದಾಗ ಚೆಂಡು ಬಲಗೈ ಉಂಗುರ ಬೆರಳಿನ ತುದಿಗೇ ಬಂದು ಬಡಿಯಿತು. ನಡುವಿನ ಗೆಣ್ಣು ಊದಿ ದಪ್ಪ ಆಗಿದೆ. ನೋವುಂಟು, ಆದರೆ ಮಡಚಲು ಬರ್ತದೆ. ಇದು ಉಳುಕಾ, ಫ್ರ್ಯಾಕ್ಚರಾ? ಎಳೆಸಿದರೆ ಸರಿ ಆಗ್ತದಾ? ಶನಿವಾರ ಮ್ಯಾಚ್ ಬೇರೆ ಉಂಟು."

ಎಳೆಸುವುದು ಬೇಡ ಮಾರಾಯ್ರೆ. ಆ ಬೆರಳಲ್ಲಿ ಉಂಗುರ ಇದ್ದರೆ ಇದನ್ನು ಓದುವ ಮೊದಲು ಸಾಬೂನು ನೀರು ಹಾಕಿ ತೆಗೀರಿ. ಊತ ಇನ್ನೂ ಏರಿದರೆ ಕತ್ತರಿಸುವುದೇ ಗತಿ.

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವವ, ರಜೆಯ ದಿನ ನಿಮ್ಮ ಹಾಗೆ ನೆಟ್ಟಿನ ಎದುರು ಹಾರುವವ. ಮೇಲೆ ಕಾಪುವಿನ ಅಣ್ಣ "ಅಲ್ಲಾಡಿಸಲು ಬಂದರೆ ಮೂಳೆ ಮುರಿದಿಲ್ಲ" ಅಂತ ಬರೆದಿದ್ದಾರೆ. ಅರ್ಧ ಸರಿ. ಮೂಳೆ ಪೂರ್ತಿ ಎರಡು ತುಂಡಾದರೆ ಯಾರೂ ಆರಾಮವಾಗಿ ಅಲ್ಲಾಡಿಸುವುದಿಲ್ಲ. ಆದರೆ ಗೆಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ಕಿತ್ತು ಬಂದಿದ್ದರೆ ಬೆರಳು ಚೆನ್ನಾಗಿಯೇ ಮಡಚುತ್ತದೆ. ಬೆರಳನ್ನು ಎಳೆಯುವ ಹಗ್ಗದಂಥ ಟೆಂಡನುಗಳಲ್ಲಿ ಮಡಚುವಂಥದ್ದು ಅಂಗೈ ಬದಿಯದ್ದು. ಚೆಂಡು ತುದಿಗೆ ಬಡಿದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಬೆರಳಿನ ಬೆನ್ನ ಮೇಲಿನದ್ದು, ನೆಟ್ಟಗೆ ಮಾಡುವಂಥದ್ದು. ಹಾಗಾಗಿ ನಿಮ್ಮನ್ನು ಕೇಳಬೇಕಾದ್ದು ಮಡಚಲು ಬರ್ತದಾ ಅಂತ ಅಲ್ಲ.

ಫ್ರ್ಯಾಕ್ಚರಿನ ಸಂಶಯಕ್ಕೆ ಮನೆಯಲ್ಲೇ ನೋಡಬಹುದಾದ್ದು ಎರಡುಂಟು. ಎರಡೂ ಕೈಯ ಬೆರಳುಗಳನ್ನು ಅರ್ಧ ಮುಷ್ಟಿಗೆ ಮಡಚಿ ಉಗುರುಗಳನ್ನು ಹೋಲಿಸಿ. ಪೆಟ್ಟಾದ ಬೆರಳು ಪಕ್ಕದ ಬೆರಳಿನ ಮೇಲೆ ಏರುತ್ತಿದ್ದರೆ, ಅಥವಾ ಅದರ ಉಗುರು ಮಾತ್ರ ಬೇರೆ ಕಡೆಗೆ ತಿರುಗಿದ್ದರೆ ಮೂಳೆ ಮುರಿದು ತಿರುಚಿದೆ ಅಂತ ಲೆಕ್ಕ. ನಾಳೆ ಬೇಡ, ಇವತ್ತೇ ಹೋಗಿ. ಇನ್ನೊಂದು, ಒಂದೇ ಬೆರಳಿನ ತುದಿಯಿಂದ ಮೆಲ್ಲ ಒತ್ತುತ್ತಾ ಹೋಗಿ. ಗೆಣ್ಣಿನ ಎರಡು ಬದಿ ನೋಯುವುದು ಉಳುಕಿನ ಲಕ್ಷಣ. ಗೆಣ್ಣುಗಳ ನಡುವಿನ ಮೂಳೆಯ ಮೇಲೆ ಒಂದೇ ಜಾಗ ಮುಟ್ಟಿದರೆ ಜೀವ ಹೋದ ಹಾಗೆ ಆದರೆ ಎಕ್ಸ್‌ರೇ ಬೇಕು.

ಈಗ ನಿಮ್ಮ ನಡುಗೆಣ್ಣಿಗೆ ಬರ್ತೇನೆ. ಬೆನ್ನ ಮೇಲಿನ ಟೆಂಡನ್ ಆ ಗೆಣ್ಣಿನ ಹತ್ತಿರ ಮೂರು ಎಳೆ ಆಗ್ತದೆ. ನಡುವಿನ ಎಳೆ ಗೆಣ್ಣು ದಾಟಿದ ಕೂಡಲೇ ಮೂಳೆಗೆ ಅಂಟಿಕೊಳ್ತದೆ, ಪಕ್ಕದ ಎರಡು ತುದಿಯವರೆಗೆ ಹೋಗ್ತವೆ. ನಡುವಿನದ್ದು ಹರಿದರೂ ಮೊದಲ ಕೆಲವು ದಿನ ಪಕ್ಕದವು ಹೇಗೋ ಬೆರಳನ್ನು ನೆಟ್ಟಗೆ ಮಾಡಿಕೊಡ್ತವೆ. ಮೋಸ ಆಗುವುದು ಇಲ್ಲೇ. ಎರಡು ಮೂರು ವಾರದಲ್ಲಿ ಆ ಪಕ್ಕದ ಎಳೆಗಳು ಕೆಳಗೆ ಜಾರಿ, ಅಂಗಿಯ ತೂತಿನಿಂದ ಗುಂಡಿ ಹೊರಬಂದ ಹಾಗೆ ಗೆಣ್ಣು ಎದ್ದು ನಿಲ್ತದೆ. ಆಮೇಲೆ ನಡುಗೆಣ್ಣು ಬಗ್ಗಿಯೇ ಇರ್ತದೆ, ತುದಿ ಮೇಲಕ್ಕೆ ಎತ್ತಿರ್ತದೆ.

ಪತ್ತೆ ಮಾಡಲು ಊಟದ ಮೇಜು ಸಾಕು. ಬೆರಳನ್ನು ಮೇಜಿನ ಮೇಲಿಟ್ಟು, ನಡುಗೆಣ್ಣು ಸರಿಯಾಗಿ ಅಂಚಿಗೆ ಬರುವಂತೆ ಮಾಡಿ, ಮುಂದಿನ ಭಾಗವನ್ನು ನೇರ ಕೆಳಗೆ ಇಳಿಬಿಡಿ. ಮನೆಯವರೊಬ್ಬರು ಆ ಇಳಿಬಿದ್ದ ಭಾಗದ ಮೇಲೆ, ನಡುಗೆಣ್ಣಿಗೂ ತುದಿಗೆಣ್ಣಿಗೂ ಮಧ್ಯದಲ್ಲಿ ಬೆರಳಿಟ್ಟು ತಡೆಯಲಿ. ನೀವು ಅದನ್ನು ಎದುರು ತಳ್ಳಿ ಬೆರಳು ನೆಟ್ಟಗೆ ಮಾಡಲು ನೋಡಿ. ತಳ್ಳುವಾಗ ಅವರು ಇನ್ನೊಂದು ಕೈಯಲ್ಲಿ ನಿಮ್ಮ ಉಗುರಿನ ತುದಿಯನ್ನು ಅಲ್ಲಾಡಿಸಲಿ. ಬಲವಾಗಿ ತಳ್ಳಲು ಆಗಿ ತುದಿ ಸಡಿಲವಾಗಿ ತೂಗಾಡಿದರೆ ನಡುವಿನ ಎಳೆ ಉಂಟು. ತಳ್ಳುವುದರಲ್ಲಿ ಬಲವೇ ಇಲ್ಲದೆ ತುದಿ ಮಾತ್ರ ಸೆಟೆದು ನಿಂತರೆ ಹರಿದಿದೆ ಅಂತ ತಿಳ್ಕೊಳ್ಳಿ. ಸರಿ ಇರುವ ಕೈಯಲ್ಲಿ ಮೊದಲು ಮಾಡಿ ನೋಡಿದರೆ ವ್ಯತ್ಯಾಸ ಗೊತ್ತಾಗ್ತದೆ. ನೋವು, ಊತ ಜೋರಾಗಿ ಇದ್ದರೆ ಈ ಪರೀಕ್ಷೆಯನ್ನು ನಂಬಲಿಕ್ಕಾಗುವುದಿಲ್ಲ. ನಾಲ್ಕೈದು ದಿನ ಬಿಟ್ಟು ಮತ್ತೆ ಮಾಡಬೇಕು.

ನಮ್ಮ ತಂಡದ ಸೆಟ್ಟರ್ ಹುಡುಗನ ಕಥೆ ಹೇಳ್ತೇನೆ. ನಿಮ್ಮದೇ ತರದ ಪೆಟ್ಟು, ನಡುಬೆರಳು. ಒಂದು ಕಡೆ ಇಡೀ ಕೈಯ ಎಕ್ಸ್‌ರೇ ತೆಗೆದು "ಮೂಳೆ ಸರಿ ಉಂಟು, ಉಳುಕು" ಅಂದರು. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ, ಅದು ಬೇರೆ ವಿಷಯ. ಪಕ್ಕದ ಬೆರಳಿಗೆ ಟೇಪ್ ಸುತ್ತಿ ಆಡಿದ. ಮೂರನೇ ವಾರ ಚಾ ಕುಡಿಯುವಾಗ ಲೋಟ ಹಿಡಿದ ಕೈ ನೋಡಿದೆ, ಆ ಬೆರಳೊಂದು ಕೊಕ್ಕೆಯ ಹಾಗೆ ನಿಂತಿತ್ತು. ನಡುಗೆಣ್ಣಿಗೆ ಮಾತ್ರ ಸ್ಪ್ಲಿಂಟ್ ಹಾಕಿ, ಆರು ವಾರ ಹಗಲು ರಾತ್ರಿ ನೆಟ್ಟಗೆ ಇಟ್ಟೆವು. ತುದಿ ಬಿಟ್ಟಿದ್ದೆವು, ಅದನ್ನು ದಿನಕ್ಕೆ ಹಲವು ಸಲ ಅವನೇ ಮಡಚಬೇಕಿತ್ತು, ಪಕ್ಕದ ಎಳೆಗಳು ಮೇಲೆ ಬರಲು ಅದೇ ದಾರಿ. ಈಗ ಆಡ್ತಾನೆ, ಆದರೆ ಬೆರಳು ಪೂರ್ತಿ ನೆಟ್ಟಗೆ ಆಗುವುದಿಲ್ಲ. ಮೊದಲ ವಾರವೇ ಹಾಕಿದ್ದರೆ ಪೂರ್ತಿ ಸರಿ ಆಗ್ತಿತ್ತಾ ಅಂತ ಅವನು ಕೇಳ್ತಾನೆ. ಅವಕಾಶ ಜಾಸ್ತಿ ಇತ್ತು ಅಂತ ಮಾತ್ರ ನಾನು ಹೇಳಿಯೇನು.

ಇದಕ್ಕೇ ಹೇಳುವುದು, ಎಕ್ಸ್‌ರೇಗೆ ಹೋದರೆ ಆ ಒಂದು ಬೆರಳಿನದ್ದೇ ಬೇಕು, ಪಕ್ಕದಿಂದಲೂ ಬೇಕು ಅಂತ ಬಾಯಿಬಿಟ್ಟು ಹೇಳಿ. ಇಡೀ ಕೈಯನ್ನು ಪಕ್ಕದಿಂದ ತೆಗೆದರೆ ಬೆರಳುಗಳು ಒಂದರ ಮೇಲೊಂದು ಬಿದ್ದು ಸಣ್ಣ ಚೂರು ಅಡಗಿ ಹೋಗ್ತದೆ.

ಅಲ್ಲಿಯವರೆಗೆ ಐಸ್ ಕ್ಯಾಂಡಿ ಕಡ್ಡಿಯನ್ನು ಹತ್ತಿಯಲ್ಲಿ ಸುತ್ತಿ ಬೆರಳಿನ ಕೆಳಗಿಟ್ಟು, ನಡುಗೆಣ್ಣು ನೆಟ್ಟಗೆ ಇರುವಂತೆ ಟೇಪ್ ಹಾಕಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ಹದಿನೈದು ನಿಮಿಷ. ನಮ್ಮ ಊರಿನ ಬೆವರಿಗೆ ಟೇಪಿನಡಿ ಚರ್ಮ ಎರಡೇ ದಿನದಲ್ಲಿ ಬಿಳಿಚಿ ಕೊಳೆಯುವ ಹಾಗೆ ಆಗ್ತದೆ. ಬಿಚ್ಚಿ ಒರೆಸಲೇಬೇಕು. ಆದರೆ ಬಿಚ್ಚಿದಾಗ ಬೆರಳು ಮೇಜಿನ ಮೇಲೆ ಮಲಗಿಯೇ ಇರಲಿ, ಬಗ್ಗಬಾರದು. ಪರೀಕ್ಷೆ ಸರಿ ಬಂದು ಬರೀ ಉಳುಕು ಅಂತಾದರೆ ಕಡ್ಡಿ ತೆಗೆದುಬಿಡಿ. ಉಳುಕಿದ ನಡುಗೆಣ್ಣನ್ನು ವಾರಗಟ್ಟಲೆ ಕಟ್ಟಿಟ್ಟರೆ ಮರಗಟ್ಟಿ ಹೋಗ್ತದೆ. ಆಗ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಮಾಡುವುದೇ ಒಳ್ಳೆಯದು, ನಡುವೆ ಸ್ವಲ್ಪ ಹತ್ತಿ, ಟೇಪ್ ಗೆಣ್ಣಿನ ಮೇಲೆ ಬೇಡ, ಗೆಣ್ಣುಗಳ ಮಧ್ಯೆ.

ತುದಿಗೆಣ್ಣು ಜೋತು ಬಿದ್ದು ನೆಟ್ಟಗೆ ಆಗದಿದ್ದರೆ ಅದು ಇನ್ನೊಂದು ಪೆಟ್ಟು, ಅಲ್ಲಿ ತುದಿಗೇ ಸ್ಪ್ಲಿಂಟ್, ಆರರಿಂದ ಎಂಟು ವಾರ, ನಡುವೆ ಒಮ್ಮೆ ಬಗ್ಗಿದರೂ ಲೆಕ್ಕ ಮತ್ತೆ ಒಂದರಿಂದ. ಕಬಡ್ಡಿ ಆಡುವವರೂ ಇಲ್ಲಿದ್ದೀರಿ, ಒಂದು ಮಾತು: ಯಾರದ್ದೋ ಅಂಗಿ ಹಿಡಿದು ಎಳೆದ ನಂತರ ತುದಿಗೆಣ್ಣು ಮಡಚಲು ಬಾರದಿದ್ದರೆ ಅಂಗೈ ಬದಿಯ ಟೆಂಡನ್ ಹೋಗಿರಬಹುದು. ಅದಕ್ಕೆ ಆಪರೇಷನ್, ಅದೂ ವಾರ ಹತ್ತು ದಿನದೊಳಗೆ. ಕಾಯುವ ಜಾತಿಯದ್ದಲ್ಲ.

ತೋಟದಲ್ಲಿ ಕಾಯಿ ಸುಲಿದು ಬೆಳಿಗ್ಗೆ ಬೆರಳು ಸಿಕ್ಕಿಹಾಕಿಕೊಂಡು "ಟಕ್" ಅಂತ ಬಿಡ್ತದೆ ಅಂತ ಬರೆದ ಅಕ್ಕಾ, ನಿಮ್ಮದು ಪೆಟ್ಟಿನದ್ದಲ್ಲ, ಅದಕ್ಕೆ ಈ ಕಡ್ಡಿ ಕಟ್ಟಬೇಡಿ, ಬೇರೆ ಪೋಸ್ಟ್ ಹಾಕಿ. ಬ್ರಹ್ಮಾವರದ ಭಾವ ಎಳೆಸಿಯೇ ಸರಿಯಾಯ್ತು ಅಂತೀರಿ, ಅದು ಜಾರಿದ ಕೀಲು ಕೂತಿರಬಹುದು, ಅಥವಾ ಎಳೆಸದಿದ್ದರೂ ವಾಸಿಯಾಗುವ ಉಳುಕಿರಬಹುದು. ಆದರೆ ಒಳಗೆ ಚೂರು ಮುರಿದಿದ್ದರೆ ಎಳೆದವನ ಕೈಗೆ ಗೊತ್ತಾಗುವುದಿಲ್ಲ.

ಶನಿವಾರ ಆಡಬೇಡಿ. ಮೇಜಿನ ಪರೀಕ್ಷೆ ಮಾಡಿ, ಬೆರಳನ್ನು ಆದಷ್ಟು ನೆಟ್ಟಗೆ ಹಿಡಿದು ಪಕ್ಕದಿಂದ ಒಂದು ಫೋಟೋ ಹಾಕಿ. ಬೆರಳು ಬೆಳ್ಳಗೆ ಅಥವಾ ನೀಲಿ ಆದರೆ, ಜುಮ್ಮೆಂದರೆ, ಚರ್ಮ ಒಡೆದಿದ್ದರೆ ಫೋಟೋ ಎಲ್ಲ ಬಿಟ್ಟು ಆಸ್ಪತ್ರೆಗೆ ಹೊರಡಿ.