ಹೋಟೆಲ್ ಎಚ್‌ಒಡಿ ಮೀಟಿಂಗ್ ಮಿನಿಟ್ಸ್: ಅದೇ ವಿಷಯ ವಾರವಾರ ಬರದಂತೆ ಬರೆಯುವುದು

"ವಾರದ ಎಚ್‌ಒಡಿ ಮೀಟಿಂಗ್ ಮಿನಿಟ್ಸ್ ಬರೆಯುವ ಕೆಲಸ ನನಗೆ ಬಂದಿದೆ. ಆಕ್ಷನ್ ಪಾಯಿಂಟ್, ಹೆಸರು, ಡೆಡ್‌ಲೈನ್ ಎಲ್ಲ ಹಾಕ್ತೀನಿ. ಆದ್ರೂ ಅದೇ ವಿಷಯ ಪ್ರತಿ ವಾರ ಮತ್ತೆ ಬರುತ್ತೆ. ಹೇಗೆ ಬರೀಬೇಕು?"

ನಾನು ಬಳ್ಳಾರಿಯ ಹೋಟೆಲೊಂದರಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲೂ ಒಂದು ಸಾಲು ವಾರವಾರ ಹಾಗೇ ಬರುತ್ತಿತ್ತು: "ಮೂರನೇ ಮಹಡಿ ಬಿಸಿನೀರಿನ ಸಮಸ್ಯೆ. ಎಂಜಿನಿಯರಿಂಗ್, ಫ್ರಂಟ್ ಆಫೀಸ್. ಆದಷ್ಟು ಬೇಗ."

ಇದರಲ್ಲಿ ಮಾಡಬೇಕಾದ ಕೆಲಸವೇ ಇಲ್ಲ, ಬರೀ ದೂರು ಇದೆ. ಇಬ್ಬರ ಹೆಸರಿದ್ದರೆ ಇಬ್ಬರೂ ಇನ್ನೊಬ್ಬರು ನೋಡ್ತಾರೆ ಅಂತ ಬಿಡುತ್ತಾರೆ. "ಆದಷ್ಟು ಬೇಗ" ಅನ್ನುವ ದಿನ ಕ್ಯಾಲೆಂಡರ್‌ನಲ್ಲಿಲ್ಲ. ಇಂಥ ಸಾಲು ಬರೆದರೆ ಮುಂದಿನ ವಾರ "ನೋಡ್ತಾ ಇದೀವಿ ಸರ್" ಅನ್ನುವ ಉತ್ತರವೇ ಬರುವುದು.

ಕಾರಣ ಗೊತ್ತಿಲ್ಲದ ವಿಷಯಕ್ಕೆ ಮೊದಲ ಆಕ್ಷನ್ ಪಾಯಿಂಟ್ ರಿಪೇರಿ ಆಗಿರಬಾರದು, ಕಾರಣ ಹುಡುಕುವುದು ಆಗಿರಬೇಕು. ಒಂದು ಮಂಗಳವಾರದ ಮೀಟಿಂಗ್‌ನಲ್ಲಿ ಹಳೆ ಸಾಲು ತೆಗೆದು ಎರಡು ಸಾಲು ಬರೆದೆವು. ಒಂದು: ಬಿಸಿನೀರಿನ ದೂರು ಬಂದಾಗಲೆಲ್ಲ ರೂಮ್ ನಂಬರ್, ಸಮಯ, ನಲ್ಲಿ ಬಿಟ್ಟು ಎಷ್ಟು ನಿಮಿಷಕ್ಕೆ ಬಿಸಿ ಬಂತು ಎಂದು ಬರೆದು ಎಂಜಿನಿಯರಿಂಗ್‌ಗೆ ಕೊಡುವುದು; ಫ್ರಂಟ್ ಆಫೀಸ್ ಮ್ಯಾನೇಜರ್; ಶುಕ್ರವಾರ ಮಧ್ಯಾಹ್ನ 12. ಎರಡು: ಟ್ಯಾಂಕ್‌ನಲ್ಲಿ ಮತ್ತು ರೂಮ್‌ಗಳ ಕಡೆಯಿಂದ ಟ್ಯಾಂಕ್‌ಗೆ ವಾಪಸ್ ಬರುವ ಪೈಪ್‌ನಲ್ಲಿ, ದೂರು ಬರುವ ಹೊತ್ತಿಗೆ ನೀರಿನ ಉಷ್ಣತೆ ಅಳೆದು ಬೆಳಗಿನ ಬ್ರೀಫಿಂಗ್‌ನಲ್ಲಿ ಹೇಳುವುದು, ಚೀಫ್ ಎಂಜಿನಿಯರ್, ಶನಿವಾರ.

ಎರಡನೆಯದರ ದಿನ ಮೊದಲನೆಯದರ ನಂತರವೇ ಬರಬೇಕು, ಯಾಕಂದ್ರೆ ಯಾವ ಹೊತ್ತಿಗೆ ಅಳೆಯಬೇಕು ಅಂತ ಫ್ರಂಟ್ ಆಫೀಸ್‌ನ ಆ ದೂರಿನ ಪಟ್ಟಿಯೇ ಹೇಳೋದು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕಾಯುತ್ತಿದ್ದರೂ ಇಬ್ಬರಿಗೂ ಒಂದೇ ದಿನ ಹಾಕಿರುವುದನ್ನು ನಾನು ಎಷ್ಟೋ ಮಿನಿಟ್ಸ್‌ಗಳಲ್ಲಿ ನೋಡಿದ್ದೇನೆ. ಪರ್ಚೇಸ್ ಮತ್ತು ಕಿಚನ್ ನಡುವೆ ಇದು ಜಾಸ್ತಿ.

ಪಟ್ಟಿ ನೋಡಿದಾಗ ದೂರುಗಳೆಲ್ಲ ಬೆಳಗ್ಗೆ 6ಕ್ಕಿಂತ ಮುಂಚಿನವು, ಎಲ್ಲ ಕಾರಿಡಾರ್ ಕೊನೆಯ ರೂಮ್‌ಗಳವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಬಂದ ಗೆಸ್ಟ್‌ಗಳು ಐದೂವರೆಯೊಳಗೆ ಸ್ನಾನ ಮಾಡಿ ಹೊರಡುವವರು. ಬೆಳಗ್ಗೆ 5ಕ್ಕೆ ಅಳೆದಾಗ ಟ್ಯಾಂಕ್‌ನಲ್ಲಿ ನೀರು 60 ಡಿಗ್ರಿ ಸರಿಯಾಗಿಯೇ ಇತ್ತು, ವಾಪಸ್ ಪೈಪ್ ಮಾತ್ರ ತಣ್ಣಗಿತ್ತು. ಬಿಸಿನೀರನ್ನು ಪೈಪ್‌ನಲ್ಲಿ ಸುತ್ತಿಸುವ ಪಂಪ್ ಬೆಳಗ್ಗೆ 6ಕ್ಕೆ ಶುರುವಾಗುವಂತೆ ಟೈಮರ್ ಇಟ್ಟಿದ್ದರು. ರಾತ್ರಿಯಿಡೀ ಉದ್ದದ ಪೈಪ್‌ನಲ್ಲಿ ನಿಂತು ಆರಿದ ನೀರು ಪೂರ್ತಿ ಹೋದ ಮೇಲೆ ಬಿಸಿ ಬರುತ್ತಿತ್ತು. ಟೈಮರ್ ನಾಲ್ಕೂವರೆಗೆ ತಂದರು. ಮತ್ತೆ ಬೆಳಗ್ಗೆ 5ಕ್ಕೆ ಅಳೆದಾಗ ವಾಪಸ್ ಪೈಪ್‌ನಲ್ಲಿ 50 ಡಿಗ್ರಿ ದಾಟಿತ್ತು. ಮೊದಲ ದಿನವೇ "ಹೀಟರ್ ಬದಲಿಸಿ" ಅಂತ ಬರೆದಿದ್ದರೆ ಪರ್ಚೇಸ್‌ನವರು ಸುಮ್ನೆ ಕೊಟೇಶನ್ ತರಿಸುತ್ತಿದ್ದರು, ಬೆಳಗಿನ ನೀರು ಮಾತ್ರ ಹಾಗೇ ತಣ್ಣಗಿರುತ್ತಿತ್ತು.

ಹೆಸರು ಹಾಕುವಾಗ ಆ ಕೆಲಸ ಮಾಡಿಸುವ ಅಧಿಕಾರ ಅವರಿಗಿದೆಯಾ ನೋಡಿ. ಹೊಸ ಪಂಪ್ ಬೇಕಾಗಿದ್ದರೆ ಕೊಟೇಶನ್ ತರುವುದು ಪರ್ಚೇಸ್ ಹೆಸರಲ್ಲಿ, ಖರ್ಚಿಗೆ ಒಪ್ಪಿಗೆ ಜಿಎಂ ಹೆಸರಲ್ಲಿ ಬೇರೆ ಸಾಲಾಗಬೇಕು. ಜಿಎಂ ಹೆಸರು ಬರೆಯಲು ಹಿಂಜರಿಯಬೇಡಿ. ಒಪ್ಪಿಗೆ ಸಿಗದೆ ನಿಂತ ಕೆಲಸಕ್ಕೆ ಎಂಜಿನಿಯರ್ ಬೈಸಿಕೊಳ್ಳುವುದು ನ್ಯಾಯವಲ್ಲ, ಅಲ್ವಾ? ಹಾಗೆಯೇ ಮೀಟಿಂಗ್‌ಗೆ ಬರದವರ ತಲೆಗೆ ಕೆಲಸ ಕಟ್ಟಬೇಡಿ. ರಜೆಯಲ್ಲಿದ್ದರೆ ಅವರ ಕೈಕೆಳಗಿನವರು ಬಂದು ಒಪ್ಪಿಕೊಳ್ಳಲಿ.

ದಿನ ತಪ್ಪಿದರೆ ಹಳೆ ದಿನಾಂಕ ಅಳಿಸಬೇಡಿ. ಅದರ ಪಕ್ಕದಲ್ಲೇ ಹೊಸದನ್ನು, ಒಂದು ಸಾಲಿನ ಕಾರಣದ ಜೊತೆ ಬರೆಯಿರಿ. ಮೂರು ದಿನಾಂಕ ಸಾಲಾಗಿ ನಿಂತರೆ ಆ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಯಾರೂ ಹೇಳದೆ ಎಲ್ಲರಿಗೂ ಕಾಣುತ್ತದೆ. ಮೀಟಿಂಗ್ ಶುರುವಾಗುವುದೂ ಈ ಹಳೆ ಸಾಲುಗಳಿಂದಲೇ ಆಗಲಿ, ಹೊಸ ವಿಷಯ ಆಮೇಲೆ. ಅವತ್ತೇ ಮುಗಿಯುವ ಬಲ್ಬು, ನಲ್ಲಿಯಂಥವು ಬೆಳಗಿನ ಬ್ರೀಫಿಂಗ್‌ಗೆ ಸಾಕು. ಮಿನಿಟ್ಸ್ ಅದೇ ಸಂಜೆಯೊಳಗೆ ಕಳಿಸಿ.

"ಮುಗಿದಿದೆ" ಅಂತ ಹೇಳುವ ಹಕ್ಕು ಕೆಲಸ ಮಾಡಿದವರಿಗೆ ಕೊಡಬೇಡಿ, ದೂರು ತಂದವರಿಗೆ ಕೊಡಿ. ಬಿಸಿನೀರಿನ ಸಾಲನ್ನು ಟೈಮರ್ ಬದಲಿಸಿದ ದಿನ ಮುಚ್ಚಲಿಲ್ಲ. ಮುಂದಿನ ಮಂಗಳವಾರದವರೆಗೆ ಪಟ್ಟಿಗೆ ಹೊಸ ದೂರು ಬರಲಿಲ್ಲ ಅಂತ ಫ್ರಂಟ್ ಆಫೀಸ್ ಹೇಳಿದ ಮೇಲೆ ಮುಚ್ಚಿದೆವು.