ಎಲ್‌ಬಿಡಬ್ಲ್ಯೂ: ಅಂಗಳದ ಕಡೆ, ಹಿತ್ತಲ ಕಡೆ

"ಅಕ್ಕನ ಮಗಳು ಈಗಷ್ಟೇ ಕ್ರಿಕೆಟ್ ನೋಡಲು ಶುರು ಮಾಡಿದ್ದಾಳೆ. 'ಸ್ಟಂಪಿಗೆ ಅಡ್ಡ ಇದ್ದ ಕಾಲಿಗೆ ಬಾಲ್ ಬಡಿದರೆ ಎಲ್‌ಬಿಡಬ್ಲ್ಯೂ' ಅಂದರೆ ಸಾಕಲ್ಲವೇ?"

ಸಾಲದು. ಅಷ್ಟೇ ತಲೆಯಲ್ಲಿಟ್ಟುಕೊಂಡು ಅಂಪೈರಿಂಗಿಗೆ ನಿಂತು ಬೈಸಿಕೊಂಡವನು ನಾನು.

ಕಲಬುರಗಿಯ ಆಳಂದ ರಸ್ತೆ ಕಡೆ ಒಂದು ಬಯಲು, ಮ್ಯಾಟ್ ಹಾಸಿದ ಪಿಚ್, ಲೆದರ್ ಬಾಲ್. ಕೊನೇ ಜೋಡಿ, ಏಳು ರನ್ ಬೇಕು. ಎಡಗೈ ಬ್ಯಾಟ್ಸ್‌ಮನ್. ಬಲಗೈ ಆಫ್‌ಸ್ಪಿನ್ನರ್ ಹಾಕಿದ ಬಾಲ್ ನನ್ನ ಎಡಕ್ಕೆ, ಸ್ಟಂಪಿನ ಸಾಲಿನಿಂದ ನಾಲ್ಕು ಬೆರಳು ಹೊರಗೆ ಬಿದ್ದು, ಒಳಗೆ ತಿರುಗಿ, ನಡು ಸ್ಟಂಪಿನ ಎದುರಿಗಿದ್ದ ಪ್ಯಾಡಿಗೆ ಧಪ್ ಅಂತ ಬಡಿಯಿತು. ಬೆರಳೆತ್ತಿಬಿಟ್ಟೆ. ಅವನು ಹೊರಡಲಿಲ್ಲ. ಮ್ಯಾಟಿನ ಮೇಲಿನ ಗುರುತನ್ನು ಬ್ಯಾಟಿನ ತುದಿಯಿಂದ ಕುಟ್ಟಿ, "ಅಂಪೈರ್ ಸಾಬ್, ಲೆಗ್ ಕಡಿ ಬಿದ್ದಾದ ನೋಡ್ರಿ. ನಾ ಲೆಫ್ಟಿ ಇದ್ದೀನಿ" ಅಂದ.

ಬ್ಯಾಟ್ಸ್‌ಮನ್ ಮುಖ ಮಾಡಿದ ಕಡೆ ಆಫ್, ಬೆನ್ನ ಕಡೆ ಲೆಗ್. ಬಲಗೈ ಆಟಗಾರನಿಗೆ ಅಂಪೈರಿನ ಎಡಭಾಗ ಆಫ್, ಎಡಗೈಯವನಿಗೆ ಅದೇ ಲೆಗ್. ಬೆಳಿಗ್ಗೆಯಿಂದ ಬಲಗೈಯವರನ್ನೇ ನೋಡಿ ನನ್ನ ಕಣ್ಣಿಗೆ ಎಡ ಅಂದರೆ ಆಫ್ ಅಂತ ಕೂತುಬಿಟ್ಟಿತ್ತು. ಎಡಗೈಯವನು ಬಂದಾಗ ಫೀಲ್ಡರುಗಳೆಲ್ಲ ಜಾಗ ಬದಲಿಸಿದರು, ನನ್ನ ತಲೆ ಬದಲಿಸಲಿಲ್ಲ. ಲೆಗ್ ಸ್ಟಂಪಿನ ಹೊರಗೆ ಪಿಚ್ ಆದ ಬಾಲ್ ಆಮೇಲೆ ಎಷ್ಟೇ ತಿರುಗಿ ಸ್ಟಂಪಿಗೆ ಹೋಗುವಂತಿದ್ದರೂ ಎಲ್‌ಬಿಡಬ್ಲ್ಯೂ ಇಲ್ಲ. ನಾನು ಪ್ಯಾಡ್ ನೋಡಿದೆ, ಸ್ಟಂಪ್ ನೋಡಿದೆ, ಮೊದಲು ನೋಡಬೇಕಾದ್ದನ್ನು ತಲೆಕೆಳಗೆ ಓದಿದೆ.

ಹಾಗಾಗಿ ಹುಡುಗಿಗೆ ಕಾಲಿನಿಂದ ಶುರು ಮಾಡಬೇಡಿ. ಹೊಟ್ಟೆಗೆ ಬಡಿದರೂ ಎಲ್‌ಬಿಡಬ್ಲ್ಯೂ ಆಗಬಹುದು, 'ಲೆಗ್ ಬಿಫೋರ್ ವಿಕೆಟ್' ಅನ್ನೋ ಹೆಸರೇ ದಾರಿ ತಪ್ಪಿಸುತ್ತದೆ. ಮನೆ ಬಾಗಿಲಿನಿಂದ ಶುರು ಮಾಡಿ. ಮೂರೂ ಸ್ಟಂಪ್ ಸೇರಿ ಅಗಲ 9 ಇಂಚು, ಅಂದರೆ ಒಂದು ಗೇಣಿನ ಬಾಗಿಲು. ಕೋಲು ಹಿಡಿದವನೊಬ್ಬ ಆಡು ಒಳಗೆ ನುಗ್ಗದಂತೆ ಕಾಯುತ್ತಿದ್ದಾನೆ. ಅವನು ಮುಖ ಮಾಡಿದ ಕಡೆ ಅಂಗಳ, ಅದು ಆಫ್. ಬೆನ್ನ ಹಿಂದೆ ಹಿತ್ತಲು, ಅದು ಲೆಗ್. ಹಿತ್ತಲಿಂದ ನುಸುಳಿದ ಆಡಿಗೆ ಅವನನ್ನು ದೂರುವಂತಿಲ್ಲ. ಅಂಗಳದಿಂದಲೋ ಎದುರಿನಿಂದಲೋ ಬಂದರೆ ಕೋಲಿನಲ್ಲೇ ತಡೆಯಬೇಕು. ಕೋಲಿಗೆ ಮೊದಲು ತಾಗಿದರೆ ಮಾತೇ ಇಲ್ಲ. ಬಾಗಿಲ ನೇರಕ್ಕೆ ಕಾಲು ಅಡ್ಡ ಬಂದು, ಆಡು ಪಕ್ಕದ ಗೋಡೆಗಲ್ಲ, ಬಾಗಿಲಿಗೇ ಹೋಗುತ್ತಿತ್ತು ಅಂತಾದರೆ ಔಟ್. ಅಂಗಳದಲ್ಲೇ, ಬಾಗಿಲ ನೇರದ ಹೊರಗೆ ಕಾಲಿಗೆ ತಾಗಿದರೆ, ಅವನು ನಿಜವಾಗಿ ಕೋಲು ಬೀಸಿದ್ದನಾ ಅಂತ ಕೇಳಿ. ಬೀಸಿದ್ದರೆ ಬಚಾವ್. ಸುಮ್ಮನೆ ಕಾಲು ಒಡ್ಡಿದ್ದರೆ ಔಟ್ ಆಗಬಹುದು. ಫುಲ್‌ಟಾಸ್ ನೆಲಕ್ಕೇ ಬೀಳದ್ದರಿಂದ ಅಲ್ಲಿ ಹಿತ್ತಲ ಪ್ರಶ್ನೆ ಏಳುವುದಿಲ್ಲ.

ಆ ದಿನ ಎತ್ತಿದ ಬೆರಳು ಇಳಿಸಲಿಲ್ಲ, ಮರ್ಯಾದೆ ಅಡ್ಡ ಬಂತು. ಈಗಲೂ ಎಡಗೈಯವನು ಕ್ರೀಸಿಗೆ ಬಂದರೆ ನನ್ನ ಎಡಗೈ ಮುಷ್ಟಿ ಬಿಗಿದು "ಹಿತ್ತಲ, ಹಿತ್ತಲ" ಅಂದುಕೊಳ್ಳುತ್ತೇನೆ.