ಸ್ಯಾನಿಟೈಸರ್ ಬಿಟ್ಟು ಸೋಪು ಹಿಡಿದರೆ ಕೈ ವಾಸಿಯಾಗುವುದಿಲ್ಲ

ಪ್ರಶ್ನೆ: ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ಕೈ ಒಡೆದು, ಸ್ಯಾನಿಟೈಸರ್ ಹಾಕಿದರೆ ಉರಿಯುತ್ತದೆ. ಹಾಗಾಗಿ ಈಗ ಸೋಪಿನಲ್ಲೇ ತೊಳೆಯುತ್ತಿದ್ದೇನೆ. ಯಾವ ಹ್ಯಾಂಡ್ ಕ್ರೀಮ್ ಒಳ್ಳೆಯದು?

ಕ್ರೀಮಿನ ವಿಚಾರ ಆಮೇಲೆ ನೋಡೋಣ. ಮೊದಲು ಆ ಸೋಪನ್ನು ಬಿಡಿ. ನಾನೂ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿದ್ದಾಗ ನಿಮ್ಮ ಹಾಗೆಯೇ ಮಾಡಿದೆ, ಅದರಿಂದಲೇ ನನ್ನ ಕೈ ಹಾಳಾಯಿತು. ಆರಂಭದಲ್ಲಿ ಬೆರಳುಗಳ ಸಂದಿಯಲ್ಲಿ ಮತ್ತು ಉಂಗುರದ ಕೆಳಗೆ ಚರ್ಮ ಸ್ವಲ್ಪ ಕೆಂಪಾಗಿ ಒರಟಾಗಿತ್ತು, ಅಷ್ಟೆ. ಹ್ಯಾಂಡ್ ರಬ್ ತಾಗಿದಾಗ ಚುರ್ ಎನ್ನುತ್ತಿದ್ದುದರಿಂದ ತಪ್ಪು ಅದರದೇ ಎಂದು ತೀರ್ಮಾನಿಸಿ, ಪ್ರತಿ ರೋಗಿಯ ನಂತರವೂ ಸಿಂಕಿಗೆ ಹೋಗಿ ಸೋಪು ಹಾಕಿ, ಹಿತವೆನಿಸುತ್ತದೆ ಎಂದು ಬಿಸಿನೀರಿನಲ್ಲಿ ತೊಳೆಯತೊಡಗಿದೆ. ಕೆಲವೇ ವಾರಗಳಲ್ಲಿ ಗೆಣ್ಣುಗಳ ಮೇಲೆ ಅಡ್ಡಡ್ಡ ಬಿರುಕು ಬಿಟ್ಟು, ಮುಷ್ಟಿ ಹಿಡಿದರೆ ರಕ್ತ ಜಿನುಗುವ ಸ್ಥಿತಿ ಬಂತು.

ಏನಾಗಿತ್ತು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ. ಚರ್ಮದ ಹೊರಪದರದ ಜೀವಕೋಶಗಳ ನಡುವೆ ಇರುವ ಜಿಡ್ಡು ತೇವವನ್ನು ಒಳಗೆ ಹಿಡಿದಿಡುತ್ತದೆ. ಸೋಪು ಆ ಜಿಡ್ಡನ್ನು ಕರಗಿಸುತ್ತದೆ, ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಬಿಸಿನೀರಾದರೆ ಇನ್ನೂ ಹೆಚ್ಚು. ಆಲ್ಕೋಹಾಲ್ ಕೂಡ ಸ್ವಲ್ಪ ಜಿಡ್ಡನ್ನು ಕದಲಿಸುತ್ತದೆಯಾದರೂ, ತೊಳೆದು ಹಾಕುವ ನೀರಿಲ್ಲದ ಕಾರಣ ಆ ಜಿಡ್ಡಿನ ಬಹುಭಾಗ ಚರ್ಮದ ಮೇಲೆಯೇ ಉಳಿಯುತ್ತದೆ. ಒಳ್ಳೆಯ ಹ್ಯಾಂಡ್ ರಬ್ಬಿನಲ್ಲಿ ಗ್ಲಿಸರಿನ್ ಕೂಡ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿಯೇ ಶೇ. 1.45ರಷ್ಟು ಸೇರಿಸಲಾಗಿದೆ. ಹಾಗಾದರೆ ಉರಿ ಏಕೆ? ಚರ್ಮ ಆಗಲೇ ಒಡೆದಿದೆ, ಆಲ್ಕೋಹಾಲ್ ಆ ಬಿರುಕನ್ನು ತೋರಿಸಿಕೊಡುತ್ತದೆ, ಅಷ್ಟೆ. ಉರಿಗೆ ಹೆದರಿ ಸೋಪು ಹಿಡಿದರೆ ಬಿರುಕು ಹೆಚ್ಚುತ್ತದೆ, ಬಿರುಕು ಹೆಚ್ಚಿದಷ್ಟೂ ಉರಿ ಹೆಚ್ಚುತ್ತದೆ. ನಾನು ಇದರ ಜೊತೆಗೆ ಇನ್ನೊಂದನ್ನೂ ಮಾಡುತ್ತಿದ್ದೆ: ಕೈ ಪೂರ್ತಿ ಒಣಗುವ ಮೊದಲೇ ಗ್ಲೌಸ್ ಏರಿಸುತ್ತಿದ್ದೆ. ಒಳಗೆ ಸಿಕ್ಕಿಕೊಂಡ ತೇವ ಚರ್ಮವನ್ನು ನೆನೆಸಿ ಮೆತ್ತಗೆ ಮಾಡಿ, ಅಳಿದುಳಿದ ರಕ್ಷಣೆಯನ್ನೂ ತೆಗೆಯಿತು.

ಆದ್ದರಿಂದ ಕೈಯಲ್ಲಿ ರಕ್ತವೋ ಮತ್ತಾವುದೋ ಕೊಳೆಯೋ ಕಣ್ಣಿಗೆ ಕಾಣದಿದ್ದಾಗ ಹ್ಯಾಂಡ್ ರಬ್ಬನ್ನೇ ಬಳಸಿ, 20ರಿಂದ 30 ಸೆಕೆಂಡು ಒಣಗುವವರೆಗೆ ಉಜ್ಜಿ. ಕೊಳೆ ಕಂಡಾಗ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಸಿ. ಡಿಫಿಸಿಲ್ ಶಂಕೆಯಿರುವ ಭೇದಿಯ ರೋಗಿಯನ್ನು ನೋಡಿಕೊಂಡ ಮೇಲೆ ಮಾತ್ರ ಸೋಪು ಮತ್ತು ತಣ್ಣೀರು. ಎರಡನ್ನೂ ಒಂದರ ಹಿಂದೊಂದು ಹಾಕುವ ಅಭ್ಯಾಸ ನಿಮಗಿದ್ದರೆ ಬಿಟ್ಟುಬಿಡಿ, ಅದು ಚರ್ಮಕ್ಕೆ ಎರಡು ಪೆಟ್ಟು. ತೊಳೆದ ಮೇಲೆ ಟಿಶ್ಯೂವಿನಿಂದ ಉಜ್ಜದೆ ಒತ್ತಿ ಒರೆಸಿ, ವಿಶೇಷವಾಗಿ ಬೆರಳ ಸಂದಿಗಳನ್ನು. ಡ್ಯೂಟಿಯಲ್ಲಿ ಉಂಗುರ ಬೇಡ. (ಅಡುಗೆ ಕೆಲಸದವರಿಗೆ ಈ ಮಾತು ಹೊಂದುವುದಿಲ್ಲ: ಎಣ್ಣೆ, ಹಿಟ್ಟು, ಮಾಂಸದ ರಸ ಮೆತ್ತಿದ ಕೈಗೆ ಸ್ಯಾನಿಟೈಸರ್ ಕೆಲಸ ಮಾಡದು. ಅವರು ಮೃದುವಾದ ಸೋಪಿನಿಂದಲೇ ತೊಳೆಯಬೇಕು, ಸ್ಯಾನಿಟೈಸರ್ ಹಾಕಿದ್ದರೆ ಅದು ಆರುವವರೆಗೆ ಒಲೆಯ ಹತ್ತಿರ ಹೋಗಬಾರದು.)

ಈಗ ಕ್ರೀಮಿನ ಮಾತು. ಬ್ರ್ಯಾಂಡ್ ಹೆಸರು ನನ್ನನ್ನು ಕೇಳಬೇಡಿ, ಹಚ್ಚುವ ಹೊತ್ತು ಮುಖ್ಯ. ನಾನು ರಾತ್ರಿ ಒಂದೇ ಸಲ ದಪ್ಪಗೆ ಬಳಿದುಕೊಂಡು ಮಲಗುತ್ತಿದ್ದೆ. ಹಗಲೆಲ್ಲ ಕಳೆದುಕೊಂಡ ಜಿಡ್ಡಿಗೆ ಅದು ಸಾಲುತ್ತಿರಲಿಲ್ಲ. ಪಾಳಿ ಆರಂಭವಾಗುವ ಮೊದಲು, ವಿರಾಮದಲ್ಲಿ ಮತ್ತು ಕೆಲಸ ಮುಗಿದ ಮೇಲೆ ಹಚ್ಚಿ. ಟ್ಯೂಬಿನಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಆಗುತ್ತದೆ, ಒಂದೊಂದು ಕೈಯ ಎರಡೂ ಬದಿಗೆ ಅಷ್ಟು ಬೇಕು. ಅಂಗೈಗಿಂತ ಮೊದಲು ಕೈಯ ಹಿಂಭಾಗಕ್ಕೆ, ಸಂದಿಗೆ, ಉಗುರಿನ ಬುಡಕ್ಕೆ ಹಚ್ಚಿ. ಸುವಾಸನೆ ಇಲ್ಲದ, ಗ್ಲಿಸರಿನ್ ಅಥವಾ ಡೈಮೆಥಿಕೋನ್ ಇರುವ ಕ್ರೀಮ್ ಹಗಲಿಗೆ ಹೊಂದುತ್ತದೆ. ಯೂರಿಯಾ ಇರುವುದು ಒಡೆದ ಕೈಗೆ ಚುರುಗುಡುತ್ತದೆ, ಬಿರುಕು ಕೂಡಿದ ಮೇಲೆ ನೋಡಿ. ವ್ಯಾಸಲಿನ್ ರಾತ್ರಿಗೆ ಉತ್ತಮ, ಅದರ ಮೇಲೆ ಹತ್ತಿಯ ಗ್ಲೌಸ್ ತೊಡಿ. ಡ್ಯೂಟಿಯಲ್ಲಿ ಬೇಡ, ಏಕೆಂದರೆ ಅಂಥ ಪೆಟ್ರೋಲಿಯಂ ಜಿಡ್ಡು ಲೇಟೆಕ್ಸ್ ಗ್ಲೌಸನ್ನು ದುರ್ಬಲಗೊಳಿಸುತ್ತದೆ.

ನನ್ನ ಕೈ ಕ್ರೀಮಿನಿಂದಷ್ಟೇ ವಾಸಿಯಾಗಲಿಲ್ಲ. ಚರ್ಮವೈದ್ಯರು ಸ್ವಲ್ಪ ದಿನಕ್ಕೆ ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟ ಮೇಲೆಯೇ ಬಿರುಕು ಕೂಡಿತು, ಆಮೇಲೆ ಹ್ಯಾಂಡ್ ರಬ್ ಉರಿಯಲಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೆರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರದ ಔಷಧ ಎಲ್ಲವನ್ನೂ ಬೆರೆಸಿದ ಟ್ಯೂಬನ್ನು ಮಾತ್ರ ಮುಟ್ಟಬೇಡಿ. ಕೀವು ಅಥವಾ ನೀರು ಸೋರುತ್ತಿದ್ದರೆ ರೋಗಿಯನ್ನು ಮುಟ್ಟುವ ಮೊದಲು ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿ. ಉರಿಗಿಂತ ತುರಿಕೆಯೇ ಹೆಚ್ಚಾಗಿದ್ದು, ಸಣ್ಣ ನೀರುಗುಳ್ಳೆ ಎದ್ದು, ಗ್ಲೌಸಿನ ಅಂಚು ಮುಗಿಯುವ ಮಣಿಕಟ್ಟಿನಲ್ಲಿ ಗೆರೆ ಎಳೆದ ಹಾಗೆ ನಿಂತಿದ್ದರೆ ಅದು ಬಹುಶಃ ರಬ್ಬರಿನ ರಾಸಾಯನಿಕಗಳ ಅಲರ್ಜಿ, ಆಗ ಸೋಪನ್ನೂ ಕ್ರೀಮನ್ನೂ ಬದಲಿಸಿ ಪ್ರಯೋಜನವಿಲ್ಲ. ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ, ಯಾವ ರಾಸಾಯನಿಕ ಎಂದು ಗೊತ್ತಾದ ಮೇಲೆ ಅದಿಲ್ಲದ ಗ್ಲೌಸನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ.